ಹೆರಿಗೆ ನಂತರ ಕೆಲಸದಲ್ಲಿ ಎರಡು ವರ್ಷದ ಅಂತರ: ತಾರೀಖು ಸರಿ ಇದ್ದರೆ ಮಾತು ಸುಲಭ

ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಸುತ್ತಿನ ರೆಸಾರ್ಟ್‌ಗಳ ಲೆಕ್ಕಪತ್ರ ವಿಭಾಗಕ್ಕೆ ಬರುವ ಅರ್ಜಿಗಳನ್ನು ನೋಡುವುದು ನನ್ನ ಕೆಲಸ. ಮಗುವಾದ ಮೇಲೆ ಎರಡು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಬರಲು ಬಯಸುವವರ ಅರ್ಜಿ ಇವುಗಳಲ್ಲಿ ಸಾಕಷ್ಟಿರುತ್ತವೆ. ಅವು ಬಿದ್ದುಹೋಗುವುದು ಆ ಎರಡು ವರ್ಷದಿಂದಲ್ಲ, ತಾರೀಖುಗಳು ಒಂದಕ್ಕೊಂದು ಹೊಂದದೇ ಇರುವುದರಿಂದ. ರೆಸ್ಯೂಮೆಯಲ್ಲಿ ಒಂದು, ರಿಲೀವಿಂಗ್ ಪತ್ರದಲ್ಲಿ ಇನ್ನೊಂದು, ಪಿಎಫ್ ದಾಖಲೆಯಲ್ಲಿ ಮತ್ತೊಂದು. ಮುಚ್ಚಿಡುವ ಉದ್ದೇಶ ಯಾರಿಗೂ ಇರುವುದಿಲ್ಲ. ಆದರೆ ನೋಡುವವರ ಕಣ್ಣಿಗೆ ಅದು ಮುಚ್ಚಿಟ್ಟ ಹಾಗೆಯೇ ಕಾಣುತ್ತದೆ.

ಮೊದಲು ತಿಳಿಯಬೇಕಾದ್ದು ಅಂತರ ಶುರುವಾಗುವುದು ಯಾವ ದಿನದಿಂದ ಎಂಬುದು. ಹೆಚ್ಚಿನವರು ಆಫೀಸಿಗೆ ಹೋಗುವುದು ನಿಲ್ಲಿಸಿದ ದಿನವನ್ನು ಬರೆಯುತ್ತಾರೆ. ಅದು ತಪ್ಪು, ಮತ್ತು ಅದರಿಂದ ನಷ್ಟ ಬರೆದವರಿಗೇ. ಸಂಬಳ ಸಹಿತ ಹೆರಿಗೆ ರಜೆ ಸೇವೆಯ ಭಾಗ. ಮೊದಲ ಎರಡು ಮಕ್ಕಳಿಗೆ ಅದು 26 ವಾರ, ಹೆರಿಗೆಗೆ ಮೊದಲು ಅದರಲ್ಲಿ 8 ವಾರದವರೆಗೆ ತೆಗೆದುಕೊಳ್ಳಬಹುದು. ಆ 26 ವಾರ ನೀವು ಕೆಲಸದಲ್ಲೇ ಇದ್ದೀರಿ.

ಒಂದು ಉದಾಹರಣೆಯನ್ನೇ ಲೆಕ್ಕ ಹಾಕೋಣ. ಒಬ್ಬಾಕೆ 2019 ಜೂನ್ 3ರಂದು ಒಂದು ರೆಸಾರ್ಟ್‌ನಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರಿದರು. 2023 ಮೇ 10ರಿಂದ ಹೆರಿಗೆ ರಜೆ, ಜೂನ್ ಕೊನೆಗೆ ಹೆರಿಗೆ. 26 ವಾರ ಎಂದರೆ 182 ದಿನ, ಅದು ಮುಗಿಯುವುದು ನವೆಂಬರ್ 7ಕ್ಕೆ. ಅಂದೇ ರಾಜೀನಾಮೆ ಜಾರಿಗೆ ಬಂತು. 2025 ನವೆಂಬರ್ ಎರಡನೇ ವಾರ ಹೊಸ ಕೆಲಸಕ್ಕೆ ಅರ್ಜಿ ಹಾಕುತ್ತಾರೆ. ಅಂತರ ಸರಿಯಾಗಿ ಎರಡು ವರ್ಷ, ಅನುಭವ 4 ವರ್ಷ 5 ತಿಂಗಳು. ಇದೇ ಆಕೆ ರೆಸ್ಯೂಮೆಯಲ್ಲಿ ‘2023 ಮೇ ತನಕ’ ಎಂದು ಬರೆದರೆ ಅಂತರ ಎರಡೂವರೆ ವರ್ಷವಾಗುತ್ತದೆ, ಅನುಭವ 3 ವರ್ಷ 11 ತಿಂಗಳಿಗೆ ಇಳಿಯುತ್ತದೆ. ಜಾಹೀರಾತಿನಲ್ಲಿ ‘ಕನಿಷ್ಠ 4 ವರ್ಷ’ ಎಂದಿದ್ದರೆ ಅರ್ಜಿ ಮೊದಲ ಸುತ್ತಿನಲ್ಲೇ ಬದಿಗೆ ಸರಿಯಿತು. ದುಡಿದು ಗಳಿಸಿದ ಆರು ತಿಂಗಳನ್ನು ತಾವೇ ಕೈಯಾರೆ ಅಳಿಸಿಹಾಕುವುದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ರಜೆ ಕೊಡದೆ ಕಳಿಸಿದ ಕಡೆ, ಅಥವಾ ಹೆರಿಗೆ ರಜೆಯ ಕಾಯಿದೆಯ ವ್ಯಾಪ್ತಿಗೆ ಬಾರದ ನಾಲ್ಕೈದು ಜನರ ಹೋಂಸ್ಟೇಯಲ್ಲಿ ಕೆಲಸ ಮಾಡಿದ್ದರೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಕೊನೆಯ ಸಂಬಳದ ದಿನವೇ ಕೊನೆಯ ದಿನ.

ಇನ್ನು ಪಿಎಫ್. ಹೊಸ ಸಂಸ್ಥೆ ಹಳೆಯ ಕೆಲಸವನ್ನು ಪರಿಶೀಲಿಸುವಾಗ ಪಿಎಫ್ ಸದಸ್ಯರ ಗುರುತಿನ ಸಂಖ್ಯೆಯಾದ ಯುಎಎನ್ ಕೇಳುವುದು ಈಗ ಮಾಮೂಲು. ಅರ್ಜಿ ಹಾಕುವ ಮೊದಲೇ ಪಿಎಫ್ ಸದಸ್ಯರ ಪೋರ್ಟಲ್‌ಗೆ ಹೋಗಿ `View > Service History` ತೆರೆದು ನೋಡಿ. ಸೇರಿದ ದಿನ, ಬಿಟ್ಟ ದಿನ ಎರಡೂ ಅಲ್ಲಿರಬೇಕು. ಬಿಟ್ಟ ದಿನದ ಜಾಗ ಖಾಲಿ ಇರುವುದು ಅಪರೂಪವೇನಲ್ಲ, ಹಳೆಯ ಕಚೇರಿಯವರು ತುಂಬಲು ಮರೆತಿರುತ್ತಾರೆ. ಹಾಗಿದ್ದರೆ ದಾಖಲೆಯ ಪ್ರಕಾರ ನೀವು ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದೀರಿ, ನಿಮ್ಮ ಬಾಯಲ್ಲಿ ಮಾತ್ರ ಎರಡು ವರ್ಷದ ಹಿಂದೆಯೇ ಬಿಟ್ಟಿದ್ದೀರಿ.

ಇದನ್ನು `Manage > Mark Exit` ಮೂಲಕ ನೀವೇ ಸರಿಪಡಿಸಬಹುದು. ಕೊನೆಯ ಪಿಎಫ್ ಕಂತು ಬಿದ್ದು ಎರಡು ತಿಂಗಳು ಕಳೆದಿರಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರಬೇಕು. ಹಾಕುವ ತಾರೀಖು ಕೊನೆಯ ಕಂತು ಬಿದ್ದ ತಿಂಗಳೊಳಗೇ ಇರಬೇಕು. ನಮ್ಮ ಉದಾಹರಣೆಯಲ್ಲಿ ರಜೆಯ ಸಂಬಳಕ್ಕೂ ಪಿಎಫ್ ಕಟ್ಟಿದ್ದರಿಂದ ಕೊನೆಯ ಕಂತು 2023 ನವೆಂಬರ್‌ನದು, ಹಾಗಾಗಿ ನವೆಂಬರ್ 7 ಸಲೀಸಾಗಿ ಕೂರುತ್ತದೆ. ಆದರೆ ಇಎಸ್‌ಐಯಿಂದ ಹೆರಿಗೆ ಭತ್ಯೆ ಪಡೆದವರು ಇಲ್ಲಿ ಸ್ವಲ್ಪ ತಡೆದು ನೋಡಬೇಕು. ಅವರಿಗೆ ರಜೆಯ ಹಣ ಕೊಟ್ಟದ್ದು ಇಎಸ್‌ಐ, ಕಚೇರಿಯಲ್ಲ. ಆದ್ದರಿಂದ ಆ ತಿಂಗಳುಗಳಲ್ಲಿ ಪಿಎಫ್ ಕಂತು ಬಿದ್ದಿರುವುದಿಲ್ಲ. ತಾವೇ ಗುರುತು ಹಾಕಲು ಹೋದರೆ ರಜೆಗೆ ಹೋದ ತಿಂಗಳೇ ಬಿಟ್ಟ ತಿಂಗಳು ಎಂದು ದಾಖಲಾಗಿಬಿಡಬಹುದು. ಅಂಥವರು ರಿಲೀವಿಂಗ್ ಪತ್ರದ ಪ್ರತಿ ಹಿಡಿದು ಹಳೆಯ ಕಚೇರಿಯಿಂದಲೇ ತಾರೀಖು ತುಂಬಿಸಿಕೊಳ್ಳುವುದು ಕ್ಷೇಮ. ಒಂದೆರಡು ಸಲ ಓಡಾಡಬೇಕಾದೀತು, ಆದರೂ ಅದೇ ಸರಿ.

ತಾರೀಖು ಸರಿಯಾದ ಮೇಲೆ ರೆಸ್ಯೂಮೆಯಲ್ಲಿ ಬರೆಯುವುದು ಒಂದೇ ಸಾಲು. ಕೆಲಸಗಳ ಪಟ್ಟಿಯಲ್ಲಿ, ಕಾಲಕ್ರಮದಲ್ಲಿ ಅದು ಬರುವ ಜಾಗದಲ್ಲೇ ಬರೆಯಿರಿ: `Career break, full-time parenting: Nov 2023 – Nov 2025`. ಲಿಂಕ್ಡ್‌ಇನ್‌ನಲ್ಲಿಯೂ `Add career break` ಎಂಬ ಆಯ್ಕೆಯೊಳಗೆ `Full-time parenting` ಇದೆ, ಅದೇ ತಿಂಗಳುಗಳನ್ನು ಅಲ್ಲೂ ಹಾಕಿ. ತಿಂಗಳು ಬಿಟ್ಟು ಬರೀ ಇಸವಿ ಬರೆದು ಅಂತರ ಸಣ್ಣದಾಗಿ ಕಾಣಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ದಿನಕ್ಕೆ ಹತ್ತು ಅರ್ಜಿ ನೋಡುವವರಿಗೆ ಅದು ಮೊದಲ ನೋಟಕ್ಕೇ ತಿಳಿಯುತ್ತದೆ, ಆಮೇಲೆ ಉಳಿದ ಸಾಲುಗಳ ಮೇಲೂ ನಂಬಿಕೆ ಹೋಗುತ್ತದೆ.

ಈ ಎರಡು ವರ್ಷದಲ್ಲಿ ಮನೆಯ ಹೋಂಸ್ಟೇ ಲೆಕ್ಕವನ್ನೋ ತೋಟದ ಕೂಲಿ ಪಟ್ಟಿಯನ್ನೋ ನೋಡಿಕೊಂಡವರು ಕೊಡಗಿನಲ್ಲಿ ಬಹಳ ಜನ. ಅದನ್ನು ಬರೆಯಬೇಕು, ಆದರೆ ಇದ್ದ ಹಾಗೆ. ‘ಮನೆಯ ಮೂರು ಕೋಣೆಯ ಹೋಂಸ್ಟೇ ಬುಕಿಂಗ್ ಮತ್ತು ತಿಂಗಳ ಲೆಕ್ಕ, ಸಂಬಳವಿಲ್ಲದೆ’ ಎಂಬ ಸಾಲು ಗಟ್ಟಿ ನಿಲ್ಲುತ್ತದೆ. ಅದನ್ನೇ ‘ಫ್ರೀಲಾನ್ಸ್ ಫೈನಾನ್ಸ್ ಕನ್ಸಲ್ಟೆಂಟ್’ ಎಂದು ಬರೆದರೆ ಮುಂದಿನ ಪ್ರಶ್ನೆ ಗ್ರಾಹಕರು ಯಾರು, ಬಿಲ್ ಎಲ್ಲಿ ಎಂಬುದು. ಉತ್ತರ ಇರುವುದಿಲ್ಲ.

ಸಂದರ್ಶನದಲ್ಲಿ ಅಂತರದ ಬಗ್ಗೆ ಕೇಳಿದಾಗ ಅರ್ಧ ನಿಮಿಷದ ಉತ್ತರ ಸಾಕು: ಏನಾಯಿತು, ಈಗ ಮಗುವಿಗೆ ಏನು ವ್ಯವಸ್ಥೆ, ಕೆಲಸದಲ್ಲಿ ಎಲ್ಲಿದ್ದೀರಿ. ಹೀಗೆ ಹೇಳಬಹುದು: “ಸರ್, ನವೆಂಬರ್ 2023ಕ್ಕೆ ಹೆರಿಗೆ ರಜೆ ಮುಗೀತು. ಮಗು ತುಂಬ ಚಿಕ್ಕದು, ನೋಡಿಕೊಳ್ಳೋಕೆ ಮನೇಲಿ ಆಗ ಬೇರೆ ಯಾರೂ ಇರಲಿಲ್ಲ, ಅದಕ್ಕೆ ಬಿಟ್ಟೆ. ಈಗ ಅತ್ತೆ ನಮ್ಮ ಜೊತೆಗೇ ಇದ್ದಾರೆ, ಮಗು ಅವರ ಹತ್ತಿರ ಇರುತ್ತೆ. ಈ ಎರಡು ವರ್ಷದಲ್ಲಿ ಜಿಎಸ್‌ಟಿ, ಟಿಡಿಎಸ್‌ನಲ್ಲಿ ಬದಲಾಗಿದ್ದನ್ನ ಓದಿಕೊಂಡಿದ್ದೀನಿ, ಕೇಳಿ.” ಹೆರಿಗೆಯ ಕಷ್ಟ, ಆಸ್ಪತ್ರೆಯ ವಿವರ, ಮನೆಯ ಮನಸ್ತಾಪ ಇಲ್ಲಿ ಬೇಡ. ಅವನ್ನು ಹೇಳದಿರುವುದು ಸುಳ್ಳಲ್ಲ. ಕ್ಷಮೆ ಕೇಳುವ ದನಿಯೂ ಬೇಡ.

ಕೊನೆಯ ‘ಕೇಳಿ’ ಎಂಬ ಮಾತಿಗೆ ತೂಕ ಬರುವುದು ಹಿಂದೆ ತಯಾರಿ ಇದ್ದಾಗ ಮಾತ್ರ. ಸಂದರ್ಶಕರ ನಿಜವಾದ ಅನುಮಾನ ಮಗುವಿನ ಬಗ್ಗೆ ಇರುವುದಕ್ಕಿಂತ ಹೆಚ್ಚಾಗಿ ಇಲ್ಲಿರುತ್ತದೆ. ರೆಸಾರ್ಟ್ ಲೆಕ್ಕದಲ್ಲಿ ಆ ಅವಧಿಯಲ್ಲಿ ಬದಲಾದ ಮೂರು ಸಂಗತಿ ನೋಡಿ. 2024 ಅಕ್ಟೋಬರ್ 1ರಿಂದ ಕಮಿಷನ್ ಮೇಲಿನ ಟಿಡಿಎಸ್ 5%ರಿಂದ 2%ಗೆ ಇಳಿಯಿತು. ಟ್ರಾವೆಲ್ ಏಜೆಂಟರಿಗೆ ಕಮಿಷನ್ ಕೊಡುವ ಪ್ರತಿ ರೆಸಾರ್ಟ್‌ಗೂ ಇದು ತಿಂಗಳ ಕೆಲಸ. 2025 ಏಪ್ರಿಲ್ 1ರಿಂದ ವಾರ್ಷಿಕ 10 ಕೋಟಿ ಅಥವಾ ಹೆಚ್ಚು ವಹಿವಾಟಿನವರು ಇ-ಇನ್‌ವಾಯ್ಸನ್ನು ಬಿಲ್ ತಾರೀಖಿನಿಂದ 30 ದಿನದೊಳಗೆ ಪೋರ್ಟಲ್‌ಗೆ ಏರಿಸಬೇಕು. ಕಂಪನಿಗಳ ಬುಕಿಂಗ್ ಬಿಲ್ಲನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಹಳೆಯ ರೂಢಿ ಈಗ ನಡೆಯುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. 2025 ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 12% ಇದ್ದ ಜಿಎಸ್‌ಟಿ 5% ಆಯಿತು, ಜೊತೆಗೆ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಕಳೆಯಲು ಬಿಡುವ ಇನ್‌ಪುಟ್ ಕ್ರೆಡಿಟ್ ಹೋಯಿತು. 7,500ಕ್ಕಿಂತ ಮೇಲಿನ ಕೋಣೆಗೆ 18% ಮತ್ತು ಕ್ರೆಡಿಟ್ ಹಾಗೆಯೇ ಉಳಿಯಿತು. ‘5% ಆಯಿತು’ ಎಂದಷ್ಟೇ ಹೇಳಿದರೆ ಪೇಪರ್ ಓದಿದ್ದೀರಿ ಎಂದಾಯಿತು. ಎರಡೂ ಬಗೆಯ ಕೋಣೆ ಇರುವ ರೆಸಾರ್ಟ್‌ನಲ್ಲಿ ಲಾಂಡ್ರಿ, ರಿಪೇರಿ, ಜಾಹೀರಾತಿನಂಥ ಸಾಮಾನ್ಯ ಖರ್ಚಿನ ತೆರಿಗೆಯನ್ನು ಪೂರ್ತಿ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ, ಅಗ್ಗದ ಕೋಣೆಗಳ ಪಾಲಿನಷ್ಟನ್ನು ವಾಪಸ್ ಮಾಡಬೇಕು ಎಂದು ಸೇರಿಸಿದರೆ ಮುಂದೆ ಕೂತವರು ಅಂತರದ ಮಾತು ಬಿಟ್ಟು ಲೆಕ್ಕದ ಮಾತಿಗೆ ಇಳಿಯುತ್ತಾರೆ. ಬೇರೆ ಕೆಲಸದವರು ತಮ್ಮ ಕೆಲಸದಲ್ಲಿ ಇಂಥ ಎರಡು ಮೂರನ್ನು ಹುಡುಕಿಕೊಳ್ಳಬೇಕು. ಮೂರಕ್ಕಿಂತ ಹೆಚ್ಚು ಬೇಡ, ಆದರೆ ಆ ಮೂರು ಬುಡದವರೆಗೆ ಗೊತ್ತಿರಬೇಕು.

ಮಗುವಿನ ವ್ಯವಸ್ಥೆಯ ಬಗ್ಗೆ ಇಲ್ಲಿಯವರು ಕೇಳುವ ಒಂದು ಪ್ರಶ್ನೆ ಬೇರೆ ಊರಲ್ಲಿ ಬಾರದು. ಜೂನ್‌ನಿಂದ ಆಗಸ್ಟ್ ತನಕ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆ, ಅಂಗನವಾಡಿಗಳಿಗೆ ರಜೆ ಘೋಷಿಸುತ್ತಾರೆ, ಅದೂ ಎಷ್ಟೋ ಸಲ ಹಿಂದಿನ ದಿನ ಸಂಜೆ. “ಆ ದಿನ ಮಗು ಎಲ್ಲಿ?” ಇದಕ್ಕೆ ‘ಹೇಗೋ ಆಗುತ್ತೆ ಸರ್’ ಎನ್ನುವುದು ಅತಿ ಕೆಟ್ಟ ಉತ್ತರ. ಯಾರ ಹತ್ತಿರ ಬಿಡುತ್ತೀರಿ, ಅವರಿಗೂ ಆಗದ ದಿನ ಎರಡನೆಯವರು ಯಾರು ಎಂದು ಹೇಳಿ. ಆಗದ್ದನ್ನೂ ಈಗಲೇ ಹೇಳಿ: ಊರಿನ ಕಡೆಯ ಬಸ್ಸು ಆರೂವರೆಗೆ ಇದ್ದರೆ ತಿಂಗಳ ಕೊನೆಯಲ್ಲಿ ರಾತ್ರಿ ಎಂಟರ ತನಕ ಕೂರಲಾಗದು, ಬದಲಿಗೆ ಬೆಳಿಗ್ಗೆ ಬೇಗ ಬರುತ್ತೇನೆ ಎಂದು. ಸೇರಿದ ಮೇಲೆ ತಿಳಿದು ಜಗಳವಾಗುವುದಕ್ಕಿಂತ ಅದು ಇಬ್ಬರಿಗೂ ಒಳ್ಳೆಯದು.

ಎರಡನೇ ಮಗುವಿನ ಯೋಚನೆ ಇದೆಯೇ ಎಂದು ಕೇಳುವವರೂ ಇದ್ದಾರೆ. ಕೇಳಬಾರದ ಪ್ರಶ್ನೆ ಅದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ‘ಇಲ್ಲ, ಖಂಡಿತ ಇಲ್ಲ’ ಎಂದು ಮಾತು ಕೊಡಲು ಹೋಗಬೇಡಿ, ಅದು ಕೊಡಲೇಬೇಕಾದ ಮಾತಲ್ಲ. “ಅದು ಮನೆಯ ವಿಷಯ ಮೇಡಂ, ಈ ಕೆಲಸಕ್ಕೆ ನಾನು ಪೂರ್ತಿ ತಯಾರಾಗಿ ಬಂದಿದ್ದೀನಿ” ಎಂದು ಮೆಲ್ಲಗೆ ಹೇಳಿ ನಿಲ್ಲಿಸಿ.

ಸಂದರ್ಶನ ಮುಗಿದ ಮೇಲೆ ಇಲ್ಲಿ ಇನ್ನೊಂದು ನಡೆಯುತ್ತದೆ. ಪುಟ್ಟ ಜಿಲ್ಲೆ, ರೆಸಾರ್ಟ್ ಮ್ಯಾನೇಜರ್‌ಗಳು ಒಬ್ಬರಿಗೊಬ್ಬರು ಗೊತ್ತಿರುವವರು. ಅಂದೇ ಸಂಜೆ ನಿಮ್ಮ ಹಳೆಯ ಮ್ಯಾನೇಜರ್‌ಗೆ ಫೋನ್ ಹೋಗುತ್ತದೆ. ಆದ್ದರಿಂದ ಅರ್ಜಿ ಹಾಕುವ ಮೊದಲೇ ನೀವೇ ಅವರಿಗೆ ಫೋನ್ ಮಾಡಿ, ಮತ್ತೆ ಕೆಲಸಕ್ಕೆ ಹುಡುಕುತ್ತಿರುವುದನ್ನು ತಿಳಿಸಿ, ರಿಲೀವಿಂಗ್ ಪತ್ರದ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಎರಡು ವರ್ಷದ ಹಿಂದಿನ ತಾರೀಖು ಅವರಿಗೆ ನೆನಪಿರುವುದಿಲ್ಲ. ‘ಆಕೆ ಮೇನಲ್ಲೇ ಬಿಟ್ಟರು ಅನ್ಸುತ್ತೆ’ ಎಂದು ಅವರು ಅಂದಾಜಿಗೆ ಹೇಳುವ ಬದಲು ಪತ್ರ ನೋಡಿ ನವೆಂಬರ್ 7 ಎಂದು ಹೇಳಲಿ.