ಗದ್ದದ ಮೇಲೊಂದು ಗಂಟು, ಭಾನುವಾರ ಮದುವೆ

ಬುಧವಾರ ರಾತ್ರಿ ಮುಖ ತೊಳೆಯುವಾಗ ಗದ್ದದ ಎಡಗಡೆ ಕೈ ತಾಗಿ ಚುರುಕ್ ಎಂದಿತು. ಕನ್ನಡಿ ನೋಡಿದರೆ ಅಲ್ಲಿ ಏನೂ ಇಲ್ಲ, ಸ್ವಲ್ಪ ಕೆಂಪು ಅಷ್ಟೇ. ಬೆರಳಿಟ್ಟು ಮೆಲ್ಲಗೆ ಒತ್ತಿದಾಗ ಗೊತ್ತಾಯಿತು. ಚರ್ಮದ ಕೆಳಗೆ ಬಟಾಣಿ ಕಾಳಿನಷ್ಟು ಒಂದು ಗಟ್ಟಿ ಗಂಟು ಕೂತಿತ್ತು. ಭಾನುವಾರ ಬೆಳಿಗ್ಗೆ ನನ್ನ ಗೆಳತಿಯ ಮದುವೆ. ಇಡೀ ದಿನ ಅವಳ ಪಕ್ಕದಲ್ಲೇ ನಿಲ್ಲಬೇಕಾದವಳು ನಾನು.

ಈ ಥರದ ಮೊಡವೆ ನನಗೆ ಹೊಸದಲ್ಲ. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಒಂದು ಬಂದಿತ್ತು. ಅದನ್ನು ಎರಡು ಉಗುರಿನ ನಡುವೆ ಇಟ್ಟು ಹಿಂಡಿದ್ದೆ. ಕೀವು ಬರಲಿಲ್ಲ, ರಕ್ತ ಬಂತು. ಮರುದಿನ ಗಂಟು ಎರಡರಷ್ಟಾಗಿತ್ತು. ಅದರ ಕಂದು ಕಲೆ ಹೋಗಲು ಐದಾರು ತಿಂಗಳು ಬೇಕಾಯಿತು. ಹಾಗಾಗಿ ಈ ಸಲ ಹಿಂಡಬಾರದು ಎನ್ನುವುದೊಂದು ಮಾತ್ರ ಗಟ್ಟಿಯಾಗಿ ಗೊತ್ತಿತ್ತು. ಡ್ರಾಯರ್‌ನಲ್ಲಿ ಮೊಡವೆಯ ಮೇಲೆ ಅಂಟಿಸುವ ಹೈಡ್ರೋಕೊಲಾಯ್ಡ್ ಪ್ಯಾಚ್ ಇತ್ತು. ಒಂದನ್ನು ಅಂಟಿಸಿ ಮಲಗಿದೆ.

ಬೆಳಿಗ್ಗೆ ಕಿತ್ತು ನೋಡಿದರೆ ಪ್ಯಾಚ್ ಅಂಟಿಸಿದಾಗ ಹೇಗಿತ್ತೋ ಹಾಗೇ ಇತ್ತು, ನೀರಿನಂತೆ ಪಾರದರ್ಶಕ. ನಡುವೆ ಬಿಳಿ ಚುಕ್ಕೆ ಕೂಡ ಇಲ್ಲ. ಗಂಟು ಮಾತ್ರ ಇನ್ನೂ ಸ್ವಲ್ಪ ಉಬ್ಬಿತ್ತು, ಮಾತಾಡಿದರೂ ನೋವು. ಗಾಬರಿಯಾಗಿ ಅತ್ತಿಗೆಗೆ ಫೋನ್ ಮಾಡಿದೆ. ಅವರು ಚರ್ಮದ ಡಾಕ್ಟರು, ಇರುವುದು ದೂರದ ಊರಿನಲ್ಲಿ.

"ಅತ್ತಿಗೆ, ಪ್ಯಾಚ್ ಕೆಲಸಾನೇ ಮಾಡ್ಲಿಲ್ಲ" ಅಂದೆ.

"ಅದು ಮಾಡೋ ಕೆಲಸಕ್ಕೆ ಅಲ್ಲಿ ಏನಿದೆ ಹೇಳು? ಬಾಯಿ ಇಲ್ಲದ ಮೊಡವೆ ಅದು" ಅಂದರು ಅವರು.

ಆಮೇಲೆ ಬಿಡಿಸಿ ಹೇಳಿದರು. ಹೈಡ್ರೋಕೊಲಾಯ್ಡ್ ಮೊದಲು ಬಳಕೆಗೆ ಬಂದದ್ದು ಗಾಯದ ಪಟ್ಟಿಯಾಗಿ. ಅಂಟಿನ ಜೊತೆ ಸೆಲ್ಯುಲೋಸ್ ಜಾತಿಯ ಪುಡಿ, ಪೆಕ್ಟಿನ್, ಜೆಲಟಿನ್ ಥರದ್ದು ಸೇರಿರುತ್ತದೆ. ಅವಕ್ಕೆ ತೇವ ಸಿಕ್ಕಿದರೆ ಹೀರಿಕೊಂಡು ಉಬ್ಬಿ ಜೆಲ್ ಆಗುತ್ತವೆ. ಪ್ಯಾಚ್ ಕಿತ್ತಾಗ ಕಾಣುವ ಬಿಳಿ ಉಬ್ಬು ಇದೇ. ನಾವು ಅದೆಲ್ಲ ಕೀವು ಅಂದುಕೊಳ್ಳುತ್ತೇವೆ. ಹೆಚ್ಚಿನ ಪಾಲು ಪ್ಯಾಚೇ ನೀರು ಕುಡಿದು ಉಬ್ಬಿರುವುದು. ಆದರೆ ಕುಡಿಯಲು ನೀರು ಮೇಲೆ ಬರಬೇಕು, ಅಂದರೆ ಚರ್ಮ ಎಲ್ಲೋ ಒಂದು ಕಡೆ ತೆರೆದಿರಬೇಕು. ನನ್ನ ಗಂಟಿನಲ್ಲಿ ರಂಧ್ರದ ಗೋಡೆ ಆಳದಲ್ಲಿ ಒಡೆದು, ಒಳಗಿನ ಜಿಡ್ಡು, ಕಸವೆಲ್ಲ ಸುತ್ತಲಿನ ಮಾಂಸಕ್ಕೆ ಸೋರಿತ್ತು. ಅದರ ವಿರುದ್ಧ ದೇಹ ಹೋರಾಡುತ್ತಿತ್ತು. ಈ ಬಾವು, ಈ ನೋವು ಅದರದ್ದೇ. ಮೇಲಕ್ಕೆ ದಾರಿಯೇ ಇಲ್ಲ. ಹಿಂಡಿದರೆ ಪಕ್ಕಕ್ಕೂ ಕೆಳಕ್ಕೂ ಇನ್ನಷ್ಟು ಹರಡುತ್ತದೆ. ಎರಡು ವರ್ಷದ ಹಿಂದೆ ನನಗೆ ಆಗಿದ್ದು ಅದೇ.

ಬೇಗ ಇಳಿಸುವ ದಾರಿ ಒಂದೇ ಇದೆ ಎಂದರು. ಚರ್ಮದ ಡಾಕ್ಟರ ಹತ್ತಿರ ಹೋಗಿ ಗಂಟಿನೊಳಗೇ ಒಂದು ಚಿಕ್ಕ ಸ್ಟಿರಾಯ್ಡ್ ಇಂಜೆಕ್ಷನ್ ತೆಗೆದುಕೊಳ್ಳುವುದು. ತುಂಬ ತೆಳು ಮಾಡಿದ ಔಷಧ, ಹನಿಯಷ್ಟು ಸಾಕು. ಹೆಚ್ಚಾಗಿ ಒಂದೆರಡು ದಿನದಲ್ಲಿ ಬಾವು ಇಳಿಯುತ್ತದೆ. ಡೋಸ್ ಜಾಸ್ತಿಯಾದರೆ ಆ ಜಾಗದಲ್ಲಿ ಚರ್ಮ ಕುಳಿ ಬೀಳಬಹುದು, ತುಂಬಿಕೊಳ್ಳಲು ತಿಂಗಳುಗಳೇ ಬೇಕು. "ಶುಕ್ರವಾರ ಸಂಜೆಗೆ ಇನ್ನೂ ಬೆಳೀತಾ ಇದ್ರೆ ಅಲ್ಲೇ ಯಾರಾದ್ರೂ ಡಾಕ್ಟರ್‌ಗೆ ತೋರಿಸು. ಕೆಂಪು ಅಗಲವಾಗಿ ಹರಡಿದ್ರೆ, ಜ್ವರ ಬಂದ್ರೆ, ಸಂಜೆವರೆಗೂ ಕಾಯ್ಬೇಡ" ಅಂದರು. ಮನೆಯಲ್ಲಿ ಸಿಕ್ಕ ಸ್ಟಿರಾಯ್ಡ್ ಮುಲಾಮು ಮಾತ್ರ ಮುಖಕ್ಕೆ ಹಚ್ಚಬೇಡ ಎಂದು ಎರಡು ಸಲ ಹೇಳಿದರು. ಅದರಿಂದಲೇ ಮೊಡವೆ ಏಳುವುದುಂಟಂತೆ.

ಗುರುವಾರದ ಕೆಲಸ ಸರಳವಾಗಿತ್ತು. ಐಸ್ ತುಂಡನ್ನು ತೆಳು ಬಟ್ಟೆಯಲ್ಲಿ ಸುತ್ತಿ ಐದು ನಿಮಿಷ ಇಡಬೇಕು, ಹತ್ತು ನಿಮಿಷ ಬಿಡಬೇಕು, ಮತ್ತೆ ಐದು ನಿಮಿಷ. ನೋವು ಅಲ್ಲೇ ತಣ್ಣಗಾಯಿತು. ಅದೊಂದೇ ಸಾಕಾಗಿತ್ತು ನನಗೆ, ಯಾಕೆಂದರೆ ನೋಯುತ್ತಿದ್ದಷ್ಟು ಹೊತ್ತೂ ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ಆಮೇಲೆ 2.5 ಪರ್ಸೆಂಟ್ ಬೆನ್ಝಾಯಿಲ್ ಪೆರಾಕ್ಸೈಡ್ ಜೆಲ್, ಸಾಸಿವೆ ಕಾಳಿನಷ್ಟು, ಒಣ ಮುಖದ ಮೇಲೆ, ಗಂಟಿನ ಮೇಲೆ ಮಾತ್ರ. ನನ್ನ ಹತ್ತಿರ 10 ಪರ್ಸೆಂಟಿನದ್ದೂ ಇತ್ತು. ಬೇಗ ಆಗಲಿ ಎಂದು ಅದನ್ನೇ ತೆಗೆದಿದ್ದೆ, ಅತ್ತಿಗೆ ಬೇಡ ಅಂದರು. ಜೋರು ಇದ್ದಷ್ಟೂ ಉರಿ, ಸಿಪ್ಪೆ ಜಾಸ್ತಿ. ಗುಣ ಅಷ್ಟೇನೂ ಜಾಸ್ತಿ ಅಲ್ಲ. ಈ ಔಷಧ ಕ್ರಿಮಿಗಳನ್ನು ಕೊಲ್ಲುತ್ತದೆ ನಿಜ, ಆದರೆ ಅಷ್ಟು ಆಳದ ಗಂಟನ್ನು ಮೂರು ದಿನದಲ್ಲಿ ಕರಗಿಸುವುದಿಲ್ಲ. ಇನ್ನೊಂದು ಮಾತು: ಬಣ್ಣದ ಬಟ್ಟೆಗೆ ತಾಗಿದರೆ ಅಲ್ಲಿ ಬಣ್ಣ ಹೋಗುತ್ತದೆ. ನನ್ನ ನೀಲಿ ದಿಂಬಿನ ಕವರಿನಲ್ಲಿ ಈಗಲೂ ಒಂದು ಕಿತ್ತಳೆ ಮಚ್ಚೆ ಇದೆ.

ಆ ರಾತ್ರಿ ನಾನು ತಪ್ಪು ಮಾಡಿದೆ. ಜೆಲ್ ಹಚ್ಚಿ, ಅದು ಒಣಗಿದ ಮೇಲೆ ಅದರ ಮೇಲೇ ಪ್ಯಾಚ್ ಅಂಟಿಸಿದೆ. ಎರಡೂ ಒಳ್ಳೆಯದೇ ಅಲ್ವಾ, ಜೊತೆಗಿದ್ದರೆ ಇನ್ನೂ ಒಳ್ಳೆಯದು ಎಂದುಕೊಂಡಿದ್ದೆ. ಪ್ಯಾಚ್ ಮುಚ್ಚಳದಂತೆ ಕೂತು ಔಷಧದ ಉರಿಯನ್ನು ಒಳಗೇ ಹಿಡಿದಿಟ್ಟಿತು. ಶುಕ್ರವಾರ ಬೆಳಿಗ್ಗೆ ಗದ್ದದ ಮೇಲೆ ಪ್ಯಾಚಿನಷ್ಟೇ ಅಗಲದ, ಗೆರೆ ಎಳೆದಂಥ ಗುಂಡನೆಯ ಕೆಂಪು. ನೀರು ತಾಗಿದರೆ ಉರಿ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಚರ್ಮ ಸಣ್ಣಗೆ ಸಿಪ್ಪೆ ಏಳಲು ಶುರುವಾಯಿತು. ಗಂಟಿಗಿಂತ ಇದೇ ನನ್ನನ್ನು ಹೆದರಿಸಿತು. ಕೆಂಪನ್ನು ಮೇಕಪ್ಪಿನಲ್ಲಿ ಮುಚ್ಚಬಹುದು. ಸಿಪ್ಪೆ ಎದ್ದ ಚರ್ಮದ ಮೇಲೆ ಕನ್ಸೀಲರ್ ಹಚ್ಚಿದರೆ ಅದು ಸಿಪ್ಪೆಗಳಿಗೆ ಅಂಟಿಕೊಂಡು ಇನ್ನಷ್ಟು ಎದ್ದು ಕಾಣುತ್ತದೆ.

ಹಾಗಾಗಿ ಶುಕ್ರವಾರ ಔಷಧ ಪೂರ್ತಿ ನಿಲ್ಲಿಸಿದೆ. ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಮೂರು ಸಲ, ಐಸ್ ಎರಡು ಸಲ, ಅಷ್ಟೇ. ಸಂಜೆ ಡಾಕ್ಟರ ಬಳಿ ಹೋಗಬೇಕೋ ಬೇಡವೋ ಎಂದು ಕೂತು ಯೋಚಿಸಿದೆ. ಗಂಟು ಬೆಳೆದಿರಲಿಲ್ಲ. ಒತ್ತಿದಾಗ ನೋವು ಬೆಳಿಗ್ಗೆಗಿಂತ ಕಡಿಮೆ ಇತ್ತು. ಮುಖ್ಯವಾಗಿ, ನಡುಭಾಗ ಸ್ವಲ್ಪ ಮೆತ್ತಗಾಗಿತ್ತು. ಹೋಗಲಿಲ್ಲ. ಅದೇ ಗಟ್ಟಿತನ ಇದ್ದಿದ್ದರೆ ಹೋಗುತ್ತಿದ್ದೆ.

ಶನಿವಾರ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ನೋಡಿದಾಗ ಗಂಟಿನ ತುದಿಯಲ್ಲಿ ಗುಂಡುಸೂಜಿಯ ತಲೆಯಷ್ಟು ಬಿಳಿ ಕಂಡಿತು. ಇಷ್ಟು ಆಳದ ಮೊಡವೆಗಳಲ್ಲಿ ಎಷ್ಟೋ ಸಲ ಇದು ಬರುವುದೇ ಇಲ್ಲ, ಒಳಗೊಳಗೇ ವಾರಗಟ್ಟಲೆ ಕರಗುತ್ತವೆ. ನನ್ನದಕ್ಕೆ ಬಾಯಿ ಬರುತ್ತಿತ್ತು. ಇಲ್ಲಿಂದ ಐಸ್ ಬಿಟ್ಟು ಶಾಖ. ಶುದ್ಧ ಬಟ್ಟೆಯನ್ನು ಬಿಸಿ ನೀರಿನಲ್ಲಿ ಅದ್ದಿ, ಹಿಂಡಿ, ಮೊದಲು ಮಣಿಕಟ್ಟಿಗೆ ತಾಗಿಸಿ ನೋಡಿ, ಹತ್ತು ನಿಮಿಷ ಇಟ್ಟುಕೊಂಡೆ. ಆರಿದಾಗೆಲ್ಲ ಮತ್ತೆ ಅದ್ದಿದೆ. ಒತ್ತಲಿಲ್ಲ, ಸುಮ್ನೆ ಇಟ್ಟುಕೊಂಡೆ ಅಷ್ಟೇ. ಮಧ್ಯಾಹ್ನ ಮೂರನೆಯ ಸಲ ಬಟ್ಟೆ ತೆಗೆದಾಗ ಅದರ ಮೇಲೆ ಒಂದು ಹಳದಿ ಚುಕ್ಕೆ, ಪಕ್ಕದಲ್ಲೇ ಸ್ವಲ್ಪ ರಕ್ತ. ತಾನಾಗಿಯೇ ಒಡೆದಿತ್ತು. ಗದ್ದದೊಳಗೆ ಮೂರು ದಿನದಿಂದ ಬಿಗಿದಿದ್ದ ಹಗ್ಗವನ್ನು ಯಾರೋ ಸಡಿಲಿಸಿದಂತಾಯಿತು.

ಈಗ ಪ್ಯಾಚಿನ ಸರದಿ. ಈ ಸಲ ಸರಿಯಾಗಿ ಅಂಟಿಸಿದೆ. ಮುಖ ತೊಳೆದು, ಒರೆಸಿ, ಐದು ನಿಮಿಷ ಪೂರ್ತಿ ಒಣಗಲು ಬಿಟ್ಟೆ. ಕೆಳಗೆ ಕ್ರೀಮ್ ಇಲ್ಲ, ಜೆಲ್ ಇಲ್ಲ, ಜಿಡ್ಡಿದ್ದರೆ ಅಂಚು ಏಳುತ್ತದೆ. ಮೊಡವೆಯ ಬಾಯಿಯ ಸುತ್ತ ಮೂರು ನಾಲ್ಕು ಮಿಲಿಮೀಟರ್ ಒಳ್ಳೆಯ ಚರ್ಮ ಸಿಗುವಷ್ಟು ದೊಡ್ಡ ಪ್ಯಾಚ್ ಆರಿಸಿ, ಅಂಟಿಸಿದ ಮೇಲೆ ಬೆರಳಿನ ಬಿಸಿ ತಾಗಲೆಂದು ಅರ್ಧ ನಿಮಿಷ ಹಿಡಿದುಕೊಂಡೆ. ಎರಡು ಗಂಟೆಯಲ್ಲಿ ನಡುವೆ ಬೆಳ್ಳಗಾಯಿತು. ರಾತ್ರಿ ಒಂಬತ್ತಕ್ಕೆ ಆ ಬಿಳಿ ಅಂಚಿನ ಹತ್ತಿರ ಬಂದಾಗ ಬದಲಿಸಿದೆ. ಅಂಚಿನವರೆಗೂ ಬಂದರೆ ಸೋರುತ್ತದೆ, ಹಿಡಿತವೂ ಹೋಗುತ್ತದೆ. ಕೀಳುವಾಗ ಮೇಲಕ್ಕೆ ಎಳೆಯಬಾರದು. ಅಂಚನ್ನು ಒದ್ದೆ ಮಾಡಿ, ಚರ್ಮಕ್ಕೆ ಸಮನಾಗಿ ಪಕ್ಕಕ್ಕೆ ಹಿಗ್ಗಿಸುತ್ತ ಬಂದರೆ ತಾನೇ ಬಿಡುತ್ತದೆ. ಶುಕ್ರವಾರ ಸಿಪ್ಪೆ ಎದ್ದಿದ್ದ ಚರ್ಮವನ್ನು ಕಾಪಾಡಿದ್ದು ಈ ನಿಧಾನವೇ.

ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಎರಡನೆಯ ಪ್ಯಾಚ್ ತೆಗೆದೆ. ನಡುವೆ ಕಡಲೆಬೇಳೆಯಷ್ಟು ಬಿಳಿ. ಕೆಳಗಿನ ಚರ್ಮ ಗುಲಾಬಿ ಬಣ್ಣ, ಹೆಚ್ಚುಕಡಿಮೆ ಸಮತಟ್ಟು, ಗಟ್ಟಿ ಹಕ್ಕಳೆ ಇಲ್ಲ. ಗಾಳಿಗೆ ಒಣಗಲು ಬಿಟ್ಟಿದ್ದರೆ ಅಲ್ಲಿ ಹಕ್ಕಳೆ ಕಟ್ಟುತ್ತಿತ್ತು. ಅದನ್ನು ಯಾವ ಮೇಕಪ್ಪೂ ಮುಚ್ಚುವುದಿಲ್ಲ. ನನ್ನ ಮಟ್ಟಿಗೆ ಪ್ಯಾಚಿನಿಂದ ಆದ ದೊಡ್ಡ ಉಪಕಾರ ಅದು, ಕೀವು ಹೀರಿದ್ದು ಎರಡನೆಯದು.

ತೆಳು ಪ್ಯಾಚ್ ಅಂಟಿಸಿ ಅದರ ಮೇಲೇ ಮೇಕಪ್ ಮಾಡಬಹುದು ಎಂದು ಓದಿದ್ದೆ. ಮಾಡಿಯೂ ನೋಡಿದೆ. ನೇರ ನೋಡಿದರೆ ಪರವಾಗಿಲ್ಲ, ಪಕ್ಕದಿಂದ ಬೆಳಕು ಬಿದ್ದ ಕೂಡಲೇ ಗುಂಡನೆಯ ಅಂಚು ಹೊಳೆಯಿತು. ತೆಗೆದುಬಿಟ್ಟೆ. ಮೊಡವೆಯ ಬಾಯಿ ಮುಚ್ಚಿತ್ತು, ತೇವ ಇರಲಿಲ್ಲ, ಹಾಗಾಗಿ ಮೇಕಪ್ ಹಚ್ಚಲು ಧೈರ್ಯ ಬಂತು. ಮಾಯಿಶ್ಚರೈಸರ್ ಹಚ್ಚಿ ಹತ್ತು ನಿಮಿಷ ಬಿಟ್ಟು, ಕೆಂಪಿನ ಮೇಲೆ ಮಾತ್ರ ಹಸಿರು ಕರೆಕ್ಟರ್ ಒಂದು ಚುಕ್ಕೆ, ಅದರ ಮೇಲೆ ನನ್ನ ಬಣ್ಣದ ಕನ್ಸೀಲರ್. ಉಜ್ಜದೆ ಶುದ್ಧ ಬೆರಳಿನಿಂದ ತಟ್ಟಿ ತಟ್ಟಿ ಕೂರಿಸಿ, ಕೊನೆಗೆ ಸ್ವಲ್ಪ ಪೌಡರ್ ಒತ್ತಿದೆ. ಬಣ್ಣ ಪೂರ್ತಿ ಮುಚ್ಚಿತು. ಉಬ್ಬಿನ ನೆರಳು ಸ್ವಲ್ಪ ಉಳಿಯಿತು, ನೆರಳನ್ನು ಮುಚ್ಚುವ ಬಣ್ಣ ಇಲ್ಲ. ಫೋಟೋ ತೆಗೆಯುವಾಗ ಎಡಗಡೆ ಬೆಳಕಿರುವ ಹಾಗೆ ನಿಂತೆ.

ಗೆಳತಿ ನನ್ನ ಮುಖ ಹಿಡಿದು ನೋಡಿ, "ಎಲ್ಲೇ ಅದು? ಫೋನಲ್ಲಿ ಅಷ್ಟು ಅತ್ಕೊಂಡಿದ್ದೆ" ಅಂದಳು. ಬೆರಳಿಟ್ಟು ತೋರಿಸಬೇಕಾಯಿತು.

ಒಳಗಿನ ಗಂಟು ಅಷ್ಟಕ್ಕೇ ಹೋಗಲಿಲ್ಲ. ಮತ್ತೆ ಹತ್ತು ದಿನ ಬೆರಳಿಗೆ ಅಕ್ಕಿ ಕಾಳಿನಷ್ಟು ಸಿಗುತ್ತಿತ್ತು. ಮದುವೆಯ ಮರುದಿನದಿಂದ ಅದಕ್ಕೆ ಬೇರೇನೂ ಹಚ್ಚಲಿಲ್ಲ, ದಿನಾ ಬೆಳಿಗ್ಗೆ ಸನ್‌ಸ್ಕ್ರೀನ್ ಮಾತ್ರ. ಬಿಸಿಲು ತಾಗಿದರೆ ಕಲೆ ಇನ್ನೂ ಕಪ್ಪಾಗುತ್ತದೆ. ಈಗ ಆರು ವಾರ ಆಯಿತು. ಗದ್ದದ ಎಡಗಡೆ ಎಳ್ಳಿನಷ್ಟು ತಿಳಿ ಕಂದು ಉಳಿದಿದೆ. ಮುಖ ತೊಳೆಯುವಾಗ ಕೈ ತಾಗಿದರೆ ಏನೂ ಗೊತ್ತಾಗುವುದಿಲ್ಲ.