ಮೂರು ಫೇಸ್‌ನಿಂದ ಎರಡು ಫೇಸ್: ಸ್ಕಾಟ್ ಜೋಡಣೆಯ ಟ್ರಾನ್ಸ್‌ಫಾರ್ಮರ್ ಜೋಡಿ, ಕೆಲಸದ ದಾಖಲೆ

415 ವೋಲ್ಟ್‌ನ ಮೂರು ಫೇಸ್ ಲೈನಿನಿಂದ, 90 ಡಿಗ್ರಿ ಅಂತರದ 230 ವೋಲ್ಟ್‌ನ ಎರಡು ಫೇಸ್ ಪಡೆಯುವುದು ಈ ಕೆಲಸದ ಗುರಿ. ಫೇಸ್‌ಗೆ 500 ವಿಎ, ಒಟ್ಟು 1 ಕೆವಿಎ. ವೆಸ್ಟಿಂಗ್‌ಹೌಸ್‌ನ ಚಾರ್ಲ್ಸ್ ಸ್ಕಾಟ್ 1890ರ ದಶಕದಲ್ಲಿ ರೂಪಿಸಿದ ಜೋಡಣೆ ಇದು. ನಯಾಗರಾದ ಅಂದಿನ ಜನರೇಟರ್‌ಗಳು ಎರಡು ಫೇಸ್‌ನವು. ಅಲ್ಲಿಂದ ಬಫಲೋ ಊರಿಗೆ 1896ರಲ್ಲಿ ಮೂರು ಫೇಸ್‌ನಲ್ಲಿ ವಿದ್ಯುತ್ ಹೋದದ್ದು ಇದೇ ಜೋಡಣೆಯಿಂದ, ನಮ್ಮದಕ್ಕೆ ತಿರುಗುಮುರುಗಾಗಿ.

ಸುತ್ತುಗಳ ಲೆಕ್ಕ

ಮೇನ್ ಟ್ರಾನ್ಸ್‌ಫಾರ್ಮರ್ ಆರ್ ಮತ್ತು ವೈ ಲೈನುಗಳ ನಡುವೆ ಕೂರುತ್ತದೆ. ಅದರ ಪ್ರೈಮರಿಯ ನಟ್ಟನಡುವಿನಿಂದ ಒಂದು ಟ್ಯಾಪ್. ಟೀಸರ್ ಎನ್ನುವ ಎರಡನೆಯ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಆ ಟ್ಯಾಪಿನಿಂದ ಬಿ ಲೈನಿಗೆ ಹೋಗುತ್ತದೆ. ಸಮಭುಜ ತ್ರಿಕೋನ ಬರೆದು ನೋಡಿದರೆ ತಳದ ನಡುಬಿಂದುವಿನಿಂದ ತುದಿಗೆ ಇರುವ ಎತ್ತರ ಬದಿಯ 0.866 ಪಾಲು, ಮತ್ತು ಅದು ತಳಕ್ಕೆ ಲಂಬ. ಹಾಗಾಗಿ ಟೀಸರ್‌ಗೆ ಸಿಗುವುದು 359.4 ವೋಲ್ಟ್, ಮೇನ್‌ನ ವೋಲ್ಟೇಜಿಗೆ ಸರಿಯಾಗಿ 90 ಡಿಗ್ರಿಯಲ್ಲಿ. ಸೆಕೆಂಡರಿಗಳು ಸಮವಾಗಬೇಕಾದರೆ ಟೀಸರ್‌ನ ಪ್ರೈಮರಿ ಸುತ್ತುಗಳೂ ಮೇನ್‌ನ 0.866 ಪಾಲೇ ಇರಬೇಕು.

ಸುತ್ತು ಎಂದರೆ ಪೂರ್ಣಾಂಕ. ಆದ್ದರಿಂದ 0.866ಕ್ಕೆ ಚೆನ್ನಾಗಿ ಹೊಂದುವ, ಎರಡರಿಂದ ಭಾಗವಾಗುವ ಸಂಖ್ಯೆಯನ್ನು ಹುಡುಕಿಕೊಳ್ಳುವುದು ಒಳ್ಳೆಯದು. 560ಕ್ಕೆ 485 ಅಂಥ ಜೋಡಿ: ಅನುಪಾತ 0.86607, ತಪ್ಪು ಗಣನೆಗೇ ಬರುವುದಿಲ್ಲ. ಕೋರಿನ ನಡುಗಾಲು 50 ಮಿ.ಮೀ, ಸ್ಟ್ಯಾಂಪಿಂಗ್ ಪೇರಿಸಿದ ದಪ್ಪ 60 ಮಿ.ಮೀ. ಹಾಳೆಗಳ ನಡುವಿನ ಸಂದು ಕಳೆದರೆ 28.5 ಚದರ ಸೆಂ.ಮೀ ಕಬ್ಬಿಣ ಉಳಿಯುತ್ತದೆ. 560 ಸುತ್ತಿಗೆ 415 ವೋಲ್ಟ್ ಎಂದರೆ ಸುತ್ತಿಗೆ 0.741 ವೋಲ್ಟ್, ಫ್ಲಕ್ಸ್ ಸಾಂದ್ರತೆ ಸುಮಾರು 1.17 ಟೆಸ್ಲಾ. ರಾತ್ರಿ ಹೊತ್ತು ಲೈನ್ 440ಕ್ಕೆ ಏರಿದರೂ 1.24 ದಾಟುವುದಿಲ್ಲ. ಎರಡಕ್ಕೂ ಒಂದೇ ಅಳತೆಯ ಕೋರ್, ಒಂದೇ ಸೆಕೆಂಡರಿ: 320 ಸುತ್ತು. ಖಾಲಿಯಾಗಿದ್ದಾಗ 237 ವೋಲ್ಟ್. ಲೋಡ್ ಬಂದಾಗ ಇಳಿಯುವುದಕ್ಕೆಂದು 3 ಶೇಕಡಾ ಹೆಚ್ಚು ಇಟ್ಟದ್ದು.

ತಂತಿಯ ದಪ್ಪದಲ್ಲಿ ಒಂದು ಸೂಕ್ಷ್ಮವಿದೆ. ಮೇನ್ ಕೊಡುವುದು 500 ವಿಎ, ಅಂದಮೇಲೆ ಅದರ ಪ್ರೈಮರಿಗೆ 500 ÷ 415 = 1.2 ಆಂಪಿಯರ್ ಸಾಕು ಅನ್ನಿಸುತ್ತದೆ. ಸಾಲದು. ಟೀಸರ್‌ನ 1.39 ಆಂಪಿಯರ್ ನಡುಟ್ಯಾಪಿಗೆ ಬಂದು ಎರಡು ಪಾಲಾಗಿ, ಮೇನ್‌ನ ಎರಡು ಅರ್ಧಗಳ ಮೂಲಕವೇ ಆರ್ ಮತ್ತು ವೈ ಲೈನಿಗೆ ಮರಳಬೇಕು. 1.205 ಮತ್ತು 0.695 ಒಂದಕ್ಕೊಂದು 90 ಡಿಗ್ರಿಯಲ್ಲಿ ಕೂಡಿ 1.39 ಆಗುತ್ತದೆ. ಅಂದರೆ ಮೇನ್ ಪ್ರೈಮರಿಯನ್ನು 577 ವಿಎಗೆ ಸುತ್ತಬೇಕು. ಎರಡೂ ಪ್ರೈಮರಿಗೆ 21 ಗೇಜ್ ತಂತಿ, ಸೆಕೆಂಡರಿಗಳ 2.2 ಆಂಪಿಯರಿಗೆ 19 ಗೇಜ್ ಹಿಡಿದೆವು.

ಮೇನ್ ಸುತ್ತುವುದು

ಈ ಕೆಲಸದ ಜೀವಾಳ ಇಲ್ಲಿದೆ. ಟೀಸರ್ ಕರೆಂಟ್ ಎರಡು ಅರ್ಧಗಳಲ್ಲಿ ಎದುರುಬದುರಾಗಿ ಹರಿಯುವುದರಿಂದ ಕೋರಿನಲ್ಲಿ ಅದರ ಪರಿಣಾಮ ರದ್ದಾಗುತ್ತದೆ. ಆದರೆ ರದ್ದಾಗಬೇಕಾದರೆ ಎರಡು ಅರ್ಧಗಳು ಒಂದಕ್ಕೊಂದು ಅಂಟಿಕೊಂಡಂತಿರಬೇಕು. ಒಂದರ್ಧ ಬಾಬಿನ್‌ನ ಎಡಕ್ಕೆ, ಇನ್ನೊಂದರ್ಧ ಬಲಕ್ಕೆ ಇದ್ದರೆ, ಅಥವಾ ಬೇರೆ ಬೇರೆ ಕಾಲಿನ ಮೇಲಿದ್ದರೆ, ನಡುವೆ ಸೋರಿದ ಫ್ಲಕ್ಸ್ ಟೀಸರ್ ದಾರಿಯಲ್ಲಿ ಚೋಕ್‌ನ ಹಾಗೆ ಕೂರುತ್ತದೆ. ಆಗ ಮೇನ್ ಫೇಸ್ ಸರಿಯಿದ್ದು, ಟೀಸರ್ ಫೇಸ್ ಮಾತ್ರ ಲೋಡ್ ಹಾಕಿದಾಗ ಕುಸಿಯುತ್ತದೆ. ಮಾರುಕಟ್ಟೆಯ ಸಾಮಾನ್ಯ ಸೆಂಟರ್ ಟ್ಯಾಪ್ ಟ್ರಾನ್ಸ್‌ಫಾರ್ಮರ್ ತಂದು ಸ್ಕಾಟ್ ಜೋಡಣೆ ಮಾಡಿದವರಿಗೆ ಬರುವ ತೊಂದರೆ ಬಹುಪಾಲು ಇದೇ.

ಅದಕ್ಕೆ ಎರಡು ತಂತಿಗಳನ್ನು ಜೊತೆಯಾಗಿ ಹಿಡಿದು 280 ಸುತ್ತು ಹಾಕಿದೆವು. 70 ಮಿ.ಮೀ ಅಗಲದ ಬಾಬಿನ್‌ನಲ್ಲಿ ಪದರಕ್ಕೆ 38 ಜೋಡಿ, ಒಟ್ಟು 8 ಪದರ, ಪದರದ ನಡುವೆ ಕಾಗದ. ಆಮೇಲೆ ಮೊದಲ ತಂತಿಯ ಕೊನೆಯನ್ನು ಎರಡನೆಯ ತಂತಿಯ ಮೊದಲಿಗೆ ಸೇರಿಸಿದರೆ ಅದೇ ನಡುಟ್ಯಾಪ್. ಹೀಗೆ ಸುತ್ತಿದಾಗ ಪಕ್ಕಪಕ್ಕದ ತಂತಿಗಳ ನಡುವೆ ಉದ್ದಕ್ಕೂ 207 ವೋಲ್ಟ್ ನಿಲ್ಲುತ್ತದೆ. ಒಳ್ಳೆಯ ಎನಾಮಲ್‌ಗೆ ಅದು ಭಾರವಲ್ಲ, ಆದರೆ ಬಾಬಿನ್ ಮೂಲೆಯಲ್ಲಿ ಗೀರಿದ ಎನಾಮಲ್‌ಗೆ ಭಾರವೇ. ತುದಿಗಳನ್ನು ಸೇರಿಸುವ ಮೊದಲು ಎರಡು ತಂತಿಗಳ ನಡುವೆ 500 ವೋಲ್ಟ್ ಮೆಗ್ಗರ್ ಹಾಕಬೇಕು. 100 ಮೆಗಾಓಂಗಿಂತ ಕಡಿಮೆ ತೋರಿಸಿದರೆ ವಾರ್ನಿಷ್ ಮಾಡದೆ ಬಿಚ್ಚುವುದೇ ಸರಿ. ಸೇರಿಸಿದ ಮೇಲೆ ಈ ಪರೀಕ್ಷೆ ಮಾಡಲು ಬರುವುದಿಲ್ಲ.

ಟೀಸರ್ ಸುಲಭ. ಒಂಟಿ ತಂತಿ, 485 ಸುತ್ತು. ಮೇನ್‌ಗೆ ಸೇರುವ ತುದಿಯಿಂದ 162ನೇ ಸುತ್ತಿನಲ್ಲಿ, ಅಂದರೆ ಮೂರನೇ ಒಂದು ಪಾಲಿನಲ್ಲಿ, ಒಂದು ಟ್ಯಾಪ್ ತೆಗೆದಿದ್ದೇವೆ. ತ್ರಿಕೋನದ ಕೇಂದ್ರ ಬೀಳುವುದು ಅಲ್ಲಿಯೇ, ಆದ್ದರಿಂದ ಅದು ನ್ಯೂಟ್ರಲ್ ಬಿಂದು.

ಲೈನ್ ಕೊಡುವ ಮೊದಲು

ಮೇನ್‌ನ ಸೆಕೆಂಡರಿಗೆ 24 ವೋಲ್ಟ್ ಎಸಿ ಕೊಟ್ಟು ಪ್ರೈಮರಿಯ ಕಡೆ ಅಳೆದಾಗ ಪ್ರತಿ ಅರ್ಧದಲ್ಲಿ 21 ವೋಲ್ಟ್, ಎರಡೂ ಸೇರಿ 42 ಬರಬೇಕು. ಸೇರಿ ಸೊನ್ನೆ ಬಂದರೆ ಅರ್ಧಗಳು ಎದುರಾಗಿ ಕೂಡಿವೆ. ಅದನ್ನು ಹಾಗೆಯೇ 415ಕ್ಕೆ ಜೋಡಿಸಿದರೆ ಕೋರಿನಲ್ಲಿ ಫ್ಲಕ್ಸ್ ಹುಟ್ಟದೆ, ಬರಿಯ ತಾಮ್ರ ಎರಡು ಫೇಸ್‌ಗಳ ನಡುವೆ ಶಾರ್ಟ್ ಆಗಿ ನಿಲ್ಲುತ್ತದೆ. ಟೀಸರ್‌ನಲ್ಲಿ ಇದೇ 24 ವೋಲ್ಟಿಗೆ ಪೂರ್ತಿ 36.4, ನ್ಯೂಟ್ರಲ್ ಟ್ಯಾಪಿಗೆ 12.

ಸೋರಿಕೆಯನ್ನೂ ಮೇಜಿನ ಮೇಲೆಯೇ ನೋಡಬಹುದು. ಮೇನ್‌ನ ಆರ್ ಮತ್ತು ವೈ ತುದಿಗಳನ್ನು ಒಟ್ಟಿಗೆ ಸೇರಿಸಿ, ಆ ಗಂಟಿಗೂ ನಡುಟ್ಯಾಪಿಗೂ ನಡುವೆ ವೇರಿಯಾಕ್ ಮತ್ತು ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ 1 ಆಂಪಿಯರ್ ಹರಿಸಬೇಕು; ಸೆಕೆಂಡರಿ ಖಾಲಿ ಇರಲಿ. ಒಂದರ್ಧದ ತಾಮ್ರದ ರೋಧ ಸುಮಾರು 2.4 ಓಂ, ಎರಡೂ ಸಮಾಂತರವಾಗಿ 1.2 ಓಂ. ಹಾಗಾಗಿ ಬೀಳುವ ವೋಲ್ಟೇಜ್ 1.2ರ ಆಸುಪಾಸಿನಲ್ಲೇ ಇರಬೇಕು. ಅದರ ಹಲವು ಪಟ್ಟು ಬಂದರೆ ಅರ್ಧಗಳು ಸರಿಯಾಗಿ ಬೆಸೆದಿಲ್ಲ ಎಂದರ್ಥ.

ಮೂರು ಫೇಸ್ ಕೊಟ್ಟಾಗ

ಸಪ್ಲೈಗೆ ಮೂರು ಪೋಲ್‌ನ 6 ಆಂಪಿಯರ್ ಸಿ ಕರ್ವ್ ಎಂಸಿಬಿ, ಪ್ರತಿ ಸೆಕೆಂಡರಿಗೆ 2.5 ಆಂಪಿಯರ್ ಫ್ಯೂಸ್. ಒಂಟಿ ಫ್ಯೂಸ್‌ಗಳನ್ನು ಲೈನಿನಲ್ಲಿ ಬಳಸದಿರುವುದಕ್ಕೆ ಕಾರಣವಿದೆ: ಆರ್ ಒಂದೇ ಹೋದರೆ ಮೇನ್‌ನ ಒಂದರ್ಧವೂ ಟೀಸರ್ರೂ ವೈ ಮತ್ತು ಬಿ ನಡುವೆ ಸರಣಿಯಲ್ಲಿ ಕೂರುತ್ತವೆ. ಎರಡು ಸೆಕೆಂಡರಿಯಲ್ಲೂ ವೋಲ್ಟೇಜ್ ಇರುತ್ತದೆ, 90 ಡಿಗ್ರಿ ಇರುವುದಿಲ್ಲ, ಮೋಟಾರ್ ನಿಂತಲ್ಲೇ ಗುಂಯ್‌ಗುಡುತ್ತದೆ.

ನ್ಯೂಟ್ರಲ್ ಟ್ಯಾಪಿನಿಂದ ಮೂರೂ ಲೈನಿಗೆ 240 ವೋಲ್ಟ್ ಬಂದರೆ ಟೀಸರ್ ಸರಿಯಾಗಿದೆ. ಟೀಸರ್ ತಲೆಕೆಳಗಾಗಿ ಸೇರಿದ್ದರೆ ಬಿ ಕಡೆಗೆ 120, ಆರ್ ಮತ್ತು ವೈ ಕಡೆಗೆ 317 ತೋರಿಸುತ್ತದೆ. ಅಂಥ ಸ್ಥಿತಿಯಲ್ಲಿ ಸೆಕೆಂಡರಿಗಳು ಎಂದಿನಂತೆ 237 ತೋರಿಸುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಟ್ಯಾಪನ್ನು ಸಪ್ಲೈ ನ್ಯೂಟ್ರಲ್‌ಗೆ ಸೇರಿಸಿದ ಕ್ಷಣ ಮಾತ್ರ 120 ವೋಲ್ಟ್ ಶಾರ್ಟ್ ಆಗುತ್ತದೆ.

90 ಡಿಗ್ರಿಯನ್ನು ಆಸಿಲೋಸ್ಕೋಪ್ ಇಲ್ಲದೆಯೂ ಅಳೆಯಬಹುದು. ಎರಡು ಸೆಕೆಂಡರಿಗಳ ಒಂದೊಂದು ತುದಿ ಸೇರಿಸಿ ಹೊರತುದಿಗಳ ನಡುವೆ ನೋಡಿದರೆ 237ರ 1.414 ಪಟ್ಟು, 335 ವೋಲ್ಟ್. ಒಂದು ಸೆಕೆಂಡರಿಯನ್ನು ತಿರುಗಿಸಿ ಸೇರಿಸಿ ಇನ್ನೊಮ್ಮೆ ನೋಡಬೇಕು. ಎರಡು ಸಲವೂ ಒಂದೇ ಬಂದರೆ ಕೋನ 90. ಬೇರೆ ಬೇರೆ ಬಂದರೆ ಟ್ರಾನ್ಸ್‌ಫಾರ್ಮರನ್ನು ದೂರುವ ಮೊದಲು ಲೈನ್ ಅಳೆಯಿರಿ: ಆರ್‌ಬಿ 420, ವೈಬಿ 410, ಆರ್‌ವೈ 415 ಇದ್ದರೆ ಅಷ್ಟಕ್ಕೇ ಕೋನ 1.6 ಡಿಗ್ರಿ ವಾಲುತ್ತದೆ, ಎರಡು ಅಳತೆಗಳಲ್ಲಿ ಸುಮಾರು 9 ವೋಲ್ಟ್ ವ್ಯತ್ಯಾಸ ಬರುತ್ತದೆ. ಟೀಸರ್‌ಗೆ 485ರ ಬದಲು 560 ಸುತ್ತಿದ್ದರೆ ಕೋನ ಸರಿಯೇ ಇದ್ದು, ಆ ಫೇಸ್ ಮಾತ್ರ 205 ವೋಲ್ಟಿಗೆ ನಿಲ್ಲುತ್ತದೆ.

ಬಲ್ಬ್ ಲೋಡ್

ಫೇಸ್‌ಗೆ ಐದರಂತೆ 100 ವ್ಯಾಟಿನ ಫಿಲಮೆಂಟ್ ಬಲ್ಬ್. ಕ್ಲ್ಯಾಂಪ್ ಮೀಟರ್‌ಗೆ 1.4 ಆಂಪಿಯರ್ ತೀರ ಸಣ್ಣದು, ಆದ್ದರಿಂದ ಪ್ರತಿ ಲೈನಿನ ತಂತಿಯನ್ನು ಕ್ಲ್ಯಾಂಪ್ ಒಳಗೆ ಐದು ಸುತ್ತು ಹಾಕಿ, ಬಂದ ಅಂಕಿಯನ್ನು ಐದರಿಂದ ಭಾಗಿಸುವುದು.

ಟೀಸರ್‌ಗೆ ಮಾತ್ರ ಲೋಡ್ ಇದ್ದಾಗ ಬಿಯಲ್ಲಿ 1.39, ಆರ್ ಮತ್ತು ವೈಯಲ್ಲಿ ತಲಾ 0.7 ಎಂದು ಪುಸ್ತಕದ ಲೆಕ್ಕ. ಮೀಟರಿನಲ್ಲಿ ಆರ್ ಮತ್ತು ವೈ ಸಮ ಬರುವುದಿಲ್ಲ. ಇದು ತಪ್ಪಲ್ಲ. ಮೇನ್‌ನ ಮ್ಯಾಗ್ನೆಟೈಸಿಂಗ್ ಕರೆಂಟ್ ತನ್ನ ವೋಲ್ಟೇಜಿಗಿಂತ 90 ಡಿಗ್ರಿ ಹಿಂದೆ ಇರುವುದರಿಂದ ಟೀಸರ್ ಕರೆಂಟಿನ ಸಾಲಿನಲ್ಲೇ ಬೀಳುತ್ತದೆ. ಒಂದು ಲೈನಿನಲ್ಲಿ ಅದು ಕೂಡುತ್ತದೆ, ಇನ್ನೊಂದರಲ್ಲಿ ಕಳೆಯುತ್ತದೆ. ಮ್ಯಾಗ್ನೆಟೈಸಿಂಗ್ 0.1 ಆಂಪಿಯರ್ ಇದ್ದರೆ 0.8 ಮತ್ತು 0.6 ಕಾಣುತ್ತದೆ. ಎರಡೂ ಫೇಸ್ ತುಂಬಿದಾಗ ಟೀಸರ್‌ನ ಮ್ಯಾಗ್ನೆಟೈಸಿಂಗ್ ಕರೆಂಟೂ ಸೇರಿ ಈ ಅಂತರ ಬಹುಮಟ್ಟಿಗೆ ಅಳಿದು, ಎರಡರಲ್ಲೂ 1.4ರ ಆಸುಪಾಸು ಬರುತ್ತದೆ. ಟೀಸರ್‌ಗೆ ಮಾತ್ರ ಲೋಡ್ ಇಟ್ಟು ಫೇಸ್ ಕ್ರಮ ಬದಲಿಸಿದರೆ ಹೆಚ್ಚು ಕರೆಂಟಿನ ಲೈನೂ ಅದಲುಬದಲಾಗಬೇಕು. ಆಗದಿದ್ದರೆ ನಡುಟ್ಯಾಪ್ ನಡುವಿನಲ್ಲಿಲ್ಲ, ಎಲ್ಲೋ ಸುತ್ತು ತಪ್ಪಿದೆ.

ಮೇನ್‌ಗೆ ಮಾತ್ರ ಲೋಡ್ ಇದ್ದರೆ ಬಿಯಲ್ಲಿ ಮ್ಯಾಗ್ನೆಟೈಸಿಂಗ್ ಬಿಟ್ಟರೆ ಏನೂ ಇಲ್ಲ. ಸ್ಕಾಟ್ ಜೋಡಣೆ ಮೂರು ಲೈನನ್ನೂ ಸಮ ಮಾಡುವುದು ಎರಡು ಫೇಸ್‌ಗಳ ಲೋಡ್ ಅಳತೆಯಲ್ಲೂ ಪವರ್ ಫ್ಯಾಕ್ಟರಿನಲ್ಲೂ ಸಮವಿದ್ದಾಗ ಮಾತ್ರ.

ಮೋಟಾರ್

ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್ನಿನ ವಾಶ್ ಮೋಟಾರ್ ಈ ಪರೀಕ್ಷೆಗೆ ಹೇಳಿ ಮಾಡಿಸಿದ್ದು. ಎರಡೂ ದಿಕ್ಕಿಗೆ ಒಂದೇ ಬಲದಿಂದ ತಿರುಗಬೇಕಾದ್ದರಿಂದ ಅದರ ಎರಡು ವೈಂಡಿಂಗ್‌ಗಳೂ ಒಂದೇ ತರ. ಕಾಮನ್‌ನಿಂದ ಎರಡು ತುದಿಗೂ ರೋಧ ಸಮವಿದೆಯೇ ಎಂದು ನೋಡಿಕೊಂಡು, ಕೆಪಾಸಿಟರ್ ತೆಗೆದುಹಾಕಿ, ಮೂರು ತಂತಿಗಳಿಗೆ ನೇರವಾಗಿ ಎರಡು ಫೇಸ್ ಕೊಡುವುದು. ಕೆಪಾಸಿಟರ್ ಯಾವುದೋ ಒಂದು ಲೋಡಿನಲ್ಲಿ ಮಾತ್ರ ಸರಿಯಾದ ಕೋನ ಕೊಡುತ್ತದೆ. ಇಲ್ಲಿ ಕೋನ ಲೋಡಿಗೆ ಅಂಟಿಕೊಂಡಿಲ್ಲ, ಹಾಗಾಗಿ ಖಾಲಿ ಓಟದಲ್ಲೂ ಶಾಫ್ಟ್ ಹಿಡಿದಾಗಲೂ 100 ಹರ್ಟ್ಜ್‌ನ ನಡುಕ ಕಡಿಮೆ. ಹೊರಗಿನ ಎರಡು ತಂತಿ ಅದಲುಬದಲು ಮಾಡಿದರೆ ದಿಕ್ಕು ಬದಲಾಗುತ್ತದೆ.

ಮೂರು ತಂತಿಯ ಜೋಡಣೆಯಲ್ಲಿ ಕಾಮನ್‌ನಲ್ಲಿ ಹರಿಯುವುದು ಫೇಸ್ ಕರೆಂಟಿನ 1.414 ಪಟ್ಟು: 2.2 ಆಂಪಿಯರಿಗೆ 3.1. ಅದಕ್ಕೆ ದಪ್ಪ ತಂತಿ ಬೇಕು, ಫ್ಯೂಸ್ ಇರಲೇಬಾರದು. ಕಾಮನ್ ಮಾತ್ರ ಕಡಿದುಹೋದರೆ ಎರಡು ವೈಂಡಿಂಗ್ ಸರಣಿಯಾಗಿ 335 ವೋಲ್ಟ್ ಮೇಲೆ ನಿಂತು ತಿರುಗದೆ ಸುಡುತ್ತವೆ. ಕಾಮನ್ ಮತ್ತು ಎರಡೂ ಕೋರ್‌ಗಳನ್ನು ಅರ್ತ್ ಮಾಡಿದ್ದೇವೆ.

ಮುಂದಿನ ಹಂತ ವಾರ್ನಿಷ್, ಪೆಟ್ಟಿಗೆ ಮತ್ತು ಟರ್ಮಿನಲ್ ಪಟ್ಟಿ. ಹೊರತುದಿಗಳ ನಡುವೆ 335 ವೋಲ್ಟ್ ಇರುವುದರಿಂದ ಮನೆಯ ಸಾಕೆಟ್ ಹಾಕುವಂತಿಲ್ಲ. ಎರಡು ಫೇಸ್‌ಗೆ ನಾಲ್ಕು ಪಿನ್ನಿನ, ಬೇರೆ ಪ್ಲಗ್ ಕೂರದ ಇಂಡಸ್ಟ್ರಿಯಲ್ ಸಾಕೆಟ್ ಹಾಕುವುದೆಂದು ತೀರ್ಮಾನವಾಗಿದೆ. ನ್ಯೂಟ್ರಲ್ ಟ್ಯಾಪನ್ನು ಸದ್ಯಕ್ಕೆ ಸ್ಲೀವ್ ತೊಡಿಸಿ ಒಳಗೇ ಬಿಟ್ಟಿದೆ.