ಲಾಭ ಬಂತು, ದುಡ್ಡು ಎಲ್ಲಿ ಹೋಯ್ತು? ಒಂದು ಹಾಳೆಯ ಲೆಕ್ಕ, ಇಲ್ಲಿವರೆಗೆ

ತಿಂಗಳ ಕೊನೆಗೆ ಲೆಕ್ಕ ಬರೆಯುವವರು ಅಂಗಡಿಯ ಲೆಕ್ಕಪತ್ರ ಕಳಿಸುತ್ತಾರೆ. ನಾನು ಕೊನೆಯ ಸಾಲು ನೋಡುತ್ತೇನೆ, ಮಡಚಿ ಇಡುತ್ತೇನೆ. ವರ್ಷಗಳಿಂದ ಹೀಗೇ ನಡೆದಿದೆ. ಈ ಸಲ ಕೊನೆಯ ಸಾಲಿನಲ್ಲಿ ಲಾಭ ಅಂತ ಇತ್ತು, ಅದೇ ವಾರ ಸಪ್ಲೈಯರ್‌ಗೆ ಕೊಡಲು ದುಡ್ಡು ಸಾಲದೆ ನಾಲ್ಕು ದಿನ ಸಮಯ ಕೇಳಿದ್ದೆ. "ಲಾಭ ಅಂತೀರಿ, ದುಡ್ಡಿಲ್ಲ ಅಂತೀರಿ, ಯಾವುದು ನಿಜ?" ಎಂದಳು ಹೆಂಡತಿ. ಉತ್ತರ ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ವಾರಾಂತ್ಯದ ಕೆಲಸ ಅಂತ ಒಂದು ಸ್ಪ್ರೆಡ್‌ಶೀಟ್ ಶುರು ಮಾಡಿದೆ. ಮಾರಾಟ, ಲಾಭ, ಕೈಗೆ ಬಂದ ದುಡ್ಡು, ಮೂರೂ ಒಂದೇ ಹಾಳೆಯಲ್ಲಿ ಇರಬೇಕು, ಒಂದರಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ ಅಂತ ಕಾಣಬೇಕು. ಅಷ್ಟೇ ಗುರಿ.

ಕೆಳಗಿನ ಅಂಕಿಗಳೆಲ್ಲ ಸಾವಿರದಲ್ಲಿವೆ.

ಮೊದಲ ವಾರಾಂತ್ಯ: ಮೊದಲ ಪ್ರಯತ್ನ, ಪೂರ್ತಿ ತಪ್ಪು

ತಿಂಗಳ ಮಾರಾಟ 500. ಮಾಲು ಕೊಂಡದ್ದು 430. ಬಾಡಿಗೆ 40, ಸಂಬಳ 45, ಕರೆಂಟು ಮತ್ತಿತರ ಖರ್ಚು 10, ಸಾಲದ ಕಂತು 20. ಕಳೆದುಬಿಟ್ಟೆ, ಬಂದದ್ದು 45 ನಷ್ಟ! ಲೆಕ್ಕ ಬರೆಯುವವರು ಲಾಭ ಅಂತಿದ್ದಾರೆ, ನನ್ನ ಶೀಟು ನಷ್ಟ ಅಂತಿದೆ.

ಫೋನ್ ಮಾಡಿ ಕೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕೊಂಡ 430ರ ಮಾಲೆಲ್ಲ ಮಾರಿ ಹೋಯ್ತಾ ಸಾರ್?"

ಇಲ್ಲ. ಎಷ್ಟೋ ಬಾಕ್ಸು ಇನ್ನೂ ಒಡೆದೇ ಇಲ್ಲ. ಲಾಭದ ಲೆಕ್ಕಕ್ಕೆ ಕೊಂಡ ಮಾಲು ಖರ್ಚಲ್ಲ, ಮಾರಿದ ಮಾಲು ಮಾತ್ರ ಖರ್ಚು. ತಿಂಗಳ ಶುರುವಿನ ಸ್ಟಾಕ್‌ಗೆ ಕೊಂಡದ್ದನ್ನು ಕೂಡಿಸಿ, ಕೊನೆಗೆ ಉಳಿದದ್ದನ್ನು ಕಳೆಯಬೇಕು. ಶೀಟಿನಲ್ಲಿ B2 ಶುರುವಿನ ಸ್ಟಾಕ್, B3 ಖರೀದಿ, B4 ಕೊನೆಯ ಸ್ಟಾಕ್:

```
B5: =B2+B3-B4
```

ಇದಕ್ಕೆ ಕೊನೆಯ ಸ್ಟಾಕ್ ಎಣಿಸಲೇಬೇಕು. ಭಾನುವಾರ ಪೂರ್ತಿ ಅದಕ್ಕೇ ಹೋಯ್ತು.

ಎರಡನೇ ವಾರಾಂತ್ಯ: ಸ್ಟಿಕ್ಕರ್ ನೋಡಿ ಎಣಿಸಿದ ಬುದ್ಧಿವಂತ

ಎಣಿಸಿದೆ, 543 ಬಂತು. ಫಾರ್ಮುಲಾಗೆ ಹಾಕಿದರೆ ಮಾರಿದ ಮಾಲಿನ ಖರ್ಚು 187, ಅಂದರೆ 500ರ ಮಾರಾಟದಲ್ಲಿ 313 ಒಟ್ಟು ಲಾಭ. ಖುಷಿಯಾಗಬೇಕಿತ್ತು, ಆಗಲಿಲ್ಲ. ನಾನು 70ಕ್ಕೆ ತಂದದ್ದನ್ನು ಹೆಚ್ಚುಕಡಿಮೆ 100ಕ್ಕೆ ಮಾರುವವನು. ನೂರಕ್ಕೆ 30 ಬರಬೇಕಾದ ಕಡೆ 63ರ ಹತ್ತಿರ ಬಂದರೆ ಎಲ್ಲೋ ತಪ್ಪಾಗಿದೆ ಅಂತಲೇ ಅರ್ಥ. ತಪ್ಪು ಸಿಕ್ಕಲು ಹತ್ತು ನಿಮಿಷ ಸಾಕಾಯ್ತು: ಮಾಲಿನ ಮೇಲೆ ಅಂಟಿಸಿದ ಮಾರಾಟದ ಬೆಲೆಯಲ್ಲೇ ಎಣಿಸಿದ್ದೆ. ಇನ್ನೂ ಮಾರದ ಮಾಲಿನ ಲಾಭವನ್ನು ಈಗಲೇ ಜೇಬಿಗೆ ಹಾಕಿಕೊಂಡ ಹಾಗೆ. ಕೊಂಡ ಬೆಲೆಯಲ್ಲಿ ಮತ್ತೆ ಹಾಕಿದಾಗ ಸ್ಟಾಕ್ 380.

ಈಗ ಶುರುವಿನ ಸ್ಟಾಕ್ 300, ಖರೀದಿ 430, ಕೊನೆಗೆ 380. ಮಾರಿದ ಮಾಲಿನ ಖರ್ಚು 350, ಒಟ್ಟು ಲಾಭ 150. ನೂರಕ್ಕೆ ಸರಿಯಾಗಿ 30. ಈ ಶೇಕಡಾವಾರು ಸಾಲನ್ನು ಶೀಟಿನ ಮೇಲ್ಭಾಗದಲ್ಲೇ ಇಟ್ಟಿದ್ದೇನೆ. ಸ್ಟಾಕ್ ಎಣಿಕೆ ಕೆಟ್ಟರೆ ಮೊದಲು ಕುಣಿಯುವುದು ಇದೇ. ಕೊನೆಯ ಸ್ಟಾಕ್‌ನಲ್ಲಿ 10 ಜಾಸ್ತಿ ಬರೆದರೆ ಲಾಭವೂ ಸರಿಯಾಗಿ 10 ಜಾಸ್ತಿಯಾಗುತ್ತದೆ, ಗಲ್ಲಾಪೆಟ್ಟಿಗೆಯಲ್ಲಿ ಮಾತ್ರ ಒಂದು ಕಾಸೂ ಹೆಚ್ಚಾಗಿರುವುದಿಲ್ಲ.

ಇನ್ನೆರಡು ಸಣ್ಣ ತಿದ್ದುಪಡಿ. ಕಂತಿನ 20ರಲ್ಲಿ ಬಡ್ಡಿ 8 ಮಾತ್ರ ಖರ್ಚು, ಉಳಿದ 12 ಅಸಲು. ಅಸಲು ಅಂದರೆ ಸಾಲವಾಗಿ ತಂದದ್ದನ್ನು ವಾಪಸ್ ಕೊಡುವುದು, ಅದು ಲಾಭದ ಲೆಕ್ಕಕ್ಕೆ ಬರುವುದಿಲ್ಲ. ಹಾಗೇ ಕಪಾಟು, ಕಂಪ್ಯೂಟರ್ ಸವೆಯುವುದಕ್ಕೆ ತಿಂಗಳಿಗೆ 5 ಸವಕಳಿ ಹಾಕುತ್ತಾರೆ. ಅದು ಖರ್ಚು, ಆದರೆ ಈ ತಿಂಗಳು ಯಾರಿಗೂ ಕೊಟ್ಟ ದುಡ್ಡಲ್ಲ. ಎಲ್ಲ ಸೇರಿ ಖರ್ಚು 108, ಲಾಭ 42. ಲೆಕ್ಕ ಬರೆಯುವವರ ಕಾಗದದಲ್ಲೂ 42.

ಮೂರನೇ ವಾರಾಂತ್ಯ: 42ರಿಂದ ಗಲ್ಲಾವರೆಗೆ

ಈ ಭಾಗ ಬರೆಯುವುದಕ್ಕೇ ಇಷ್ಟೆಲ್ಲ ಶುರು ಮಾಡಿದ್ದು. ತಿಂಗಳ ಶುರುವಿನಲ್ಲಿ ಬ್ಯಾಂಕು ಮತ್ತು ಗಲ್ಲಾ ಸೇರಿ 120 ಇತ್ತು. 42 ಲಾಭ ಬಂದರೆ 162 ಇರಬೇಕಲ್ವಾ? ಲಾಭದಿಂದ ಶುರು ಮಾಡಿ ಒಂದೊಂದೇ ಹೆಜ್ಜೆ ಇಳಿದೆ.

ಲಾಭ 42. ಸವಕಳಿ 5 ಯಾರಿಗೂ ಕೊಟ್ಟಿಲ್ಲವಾದ್ದರಿಂದ ವಾಪಸ್ ಕೂಡಿಸಿದೆ, 47. ಸ್ಟಾಕ್ 300ರಿಂದ 380ಕ್ಕೆ ಏರಿದೆ. ಅಂದರೆ 80 ದುಡ್ಡು ಡಬ್ಬಗಳಾಗಿ ಕಪಾಟಿನಲ್ಲಿ ಕೂತಿದೆ. ಈಗ ಮೈನಸ್ 33. ಮಾರಾಟ 500 ಅಂತ ಹೇಳಿದ್ದೆನಲ್ಲ, ಅದರಲ್ಲಿ 80 ಉದ್ರಿ. ಹಳೆಯ ಉದ್ರಿ ವಸೂಲಾದದ್ದು 50 ಮಾತ್ರ. ಹಾಗಾಗಿ ಇನ್ನೂ 30 ಹೊರಗೆ ಸಿಕ್ಕಿಕೊಂಡಿತು, ಮೈನಸ್ 63. ಒಂದು ಕಡೆ ಮಾತ್ರ ನನಗೆ ಅನುಕೂಲವಾಗಿತ್ತು: 430ರ ಮಾಲಿಗೆ ನಾನು ಸಪ್ಲೈಯರ್‌ಗಳಿಗೆ ಕೊಟ್ಟದ್ದು 410, ಅಂದರೆ ಅವರ 20 ಸದ್ಯ ನನ್ನ ಹತ್ತಿರ ಇದೆ. ಮೈನಸ್ 43.

ಇಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಮನೆಗೆ ಒಂದು ಕಾಸು ಒಯ್ಯುವ ಮೊದಲೇ, ಬರೀ ವ್ಯಾಪಾರ ನಡೆಸಿದ್ದಕ್ಕೇ 43 ಹೋಗಿದೆ, ಅದೂ ಲಾಭದ ತಿಂಗಳಲ್ಲಿ.

ಮೇಲೆ ಅಸಲು 12, ಮನೆ ಖರ್ಚಿಗೆ ನಾನು ತೆಗೆದದ್ದು 30. ಒಬ್ಬನೇ ಮಾಲೀಕನಾದ್ದರಿಂದ ಈ 30 ಸಂಬಳದ ಸಾಲಿನಲ್ಲಿ ಎಲ್ಲೂ ಕಾಣುವುದಿಲ್ಲ, ಲಾಭ ಲೆಕ್ಕ ಹಾಕಿದ ಮೇಲೆ ತೆಗೆದದ್ದು. ಒಟ್ಟು ಮೈನಸ್ 85. ಅಂದರೆ 120 ಇದ್ದದ್ದು 35ಕ್ಕೆ ಇಳಿಯಬೇಕು.

ಬ್ಯಾಂಕು ನೋಡಿ, ಗಲ್ಲಾ ಎಣಿಸಿದೆ. 55.

20 ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ ಬಿಟ್ಟುಬಿಡುವ ಮನಸ್ಸಾಯ್ತು. ಆದರೆ ಜಾಸ್ತಿ ಬಂದ ದುಡ್ಡಿಗೂ ಕಾರಣ ಬೇಕು. ಮೇಲಿನ ಅಂಕಿಗಳೆಲ್ಲ ತೆರಿಗೆ ಬಿಟ್ಟು ಬರೆದದ್ದು. ಗಿರಾಕಿಗಳಿಂದ ವಸೂಲಿ ಮಾಡಿದ ತೆರಿಗೆಯಲ್ಲಿ ನಾನು ಖರೀದಿಗೆ ಕೊಟ್ಟದ್ದನ್ನು ಕಳೆದರೆ 22 ಉಳಿಯುತ್ತದೆ. ಹಳೆಯದನ್ನು ಹಿಂದಿನ ತಿಂಗಳು ತೀರಿಸಿದ್ದೆ, ಇದನ್ನು ಕಟ್ಟುವ ದಿನ ಇನ್ನೂ ಬಂದಿಲ್ಲ. ನನ್ನ ಖಾತೆಯಲ್ಲಿದ್ದರೂ ಅದು ನನ್ನ ದುಡ್ಡಲ್ಲ. ಹಾಗಾದರೆ 57 ಇರಬೇಕಿತ್ತು, 2 ಕಡಿಮೆ. ಅದು ಗಲ್ಲಾದಿಂದ ಸಾಗಾಟಕ್ಕೆ ಅಂತ ಆಗಾಗ ಕೊಟ್ಟು ಬರೆಯದೇ ಬಿಟ್ಟದ್ದು. ಅದನ್ನೂ ಖರ್ಚಿಗೆ ಸೇರಿಸಿದೆ, ಲಾಭ 40 ಆಯ್ತು, ಎರಡು ಕಡೆಯೂ ತಾಳೆಯಾಯ್ತು.

ಅಂದ ಹಾಗೆ ಆ 80ರ ಸ್ಟಾಕ್ ಯಾಕೆ ಏರಿತು ಅಂತ ಬಿಲ್ ತೆಗೆದು ನೋಡಿದೆ. ಜಾಸ್ತಿ ಕೊಂಡರೆ 6% ಕಡಿಮೆ ಅಂತ ಸಪ್ಲೈಯರ್ ಹೇಳಿದ್ದಕ್ಕೆ ತಂದದ್ದು. ಉಳಿದದ್ದು 5ರ ಆಸುಪಾಸು. ಅದಕ್ಕೋಸ್ಕರ 80 ಕಟ್ಟಿಹಾಕಿಕೊಂಡು, ಅದೇ ಸಪ್ಲೈಯರ್ ಹತ್ತಿರ ಸಮಯ ಕೇಳಿದ್ದೇನೆ. ನಗು ಬಂತು, ಸಿಟ್ಟೂ ಬಂತು.

ಒಂದು ತಿಂಗಳ ನಂತರ: ಈಗ ಉಲ್ಟಾ

ಎರಡನೇ ತಿಂಗಳು ಮಾರಾಟ 440ಕ್ಕೆ ಇಳಿಯಿತು. ಮಾಲು ಕೊಂಡದ್ದು 250 ಮಾತ್ರ, ಸ್ಟಾಕ್ 380ರಿಂದ 320ಕ್ಕೆ ಬಂತು. ಮಾರಿದ ಮಾಲಿನ ಖರ್ಚು 310, ಒಟ್ಟು ಲಾಭ 130, ಖರ್ಚು 110, ಲಾಭ 20. ಹಿಂದಿನ ತಿಂಗಳ ಅರ್ಧ.

ಆದರೆ ಬ್ಯಾಂಕು ಮತ್ತು ಗಲ್ಲಾ ಸೇರಿ 134! ಎರಡು ತಿಂಗಳ ಹಿಂದಿನ 120ಕ್ಕಿಂತಲೂ ಜಾಸ್ತಿ. ಶೀಟು ಇಲ್ಲದಿದ್ದರೆ ಇದನ್ನು ನಾನು ಒಳ್ಳೆಯ ತಿಂಗಳು ಅಂತಲೇ ಎಣಿಸುತ್ತಿದ್ದೆ, ಹೊಸ ಕಪಾಟಿಗೆ ಅಡ್ವಾನ್ಸ್ ಕೂಡ ಕೊಟ್ಟುಬಿಡುತ್ತಿದ್ದೆನೋ ಏನೋ.

ಮತ್ತೆ ಹೆಜ್ಜೆ ಹೆಜ್ಜೆಯಾಗಿ ಇಳಿದೆ. ಲಾಭ 20, ಸವಕಳಿ 5. ಸ್ಟಾಕ್ ಕರಗಿ ಬಂದದ್ದು 60. ಉದ್ರಿ ಕೊಟ್ಟದ್ದು 60, ವಸೂಲಾದದ್ದು 85, ಅಲ್ಲಿ 25 ಬಂತು. ಸಪ್ಲೈಯರ್‌ಗಳ ಹಳೆ ಬಾಕಿ 20 ತೀರಿಸಿದೆ. ಒಟ್ಟು 90. ಅಸಲು 12, ಮನೆಗೆ 30 ಹೋದ ಮೇಲೆ 48 ಉಳಿಯಿತು. ಮೇಲೆ ಈ ತಿಂಗಳ ತೆರಿಗೆ 31 ಸೇರಿ 134 ಆಗಿದೆ.

ಈಗ ಬಿಡಿಸಿ ನೋಡಿದರೆ ಚಿತ್ರವೇ ಬೇರೆ. 134ರಲ್ಲಿ ಎರಡು ತಿಂಗಳ ತೆರಿಗೆ 53, ನನ್ನದು 81. ಆ 90ರಲ್ಲಿ ವ್ಯಾಪಾರ ದುಡಿದದ್ದು 25 ಮಾತ್ರ, ಉಳಿದದ್ದು ಕಪಾಟು ಖಾಲಿಯಾಗಿ, ಹಳೆ ಉದ್ರಿ ಬಂದು ಆದದ್ದು. ಕಪಾಟು ಪ್ರತಿ ತಿಂಗಳು ಖಾಲಿಯಾಗಲು ಆಗುವುದಿಲ್ಲ, ಮಾರಲು ಮಾಲು ಬೇಕಲ್ಲ. ಅಸಲಿಗೂ ಮನೆಗೂ ತಿಂಗಳಿಗೆ 42 ಬೇಕು, ದುಡಿಮೆ 25. ಕೈತುಂಬ ದುಡ್ಡಿದ್ದ ತಿಂಗಳಲ್ಲೇ ನಾನು 17 ಹಿಂದೆ ಬಿದ್ದಿದ್ದೇನೆ. ದುಡ್ಡಿಗೆ ಪರದಾಡಿದ ಹಿಂದಿನ ತಿಂಗಳು ಈ ಲೆಕ್ಕ 45ಕ್ಕೆ 42, ಅಂದರೆ 3 ಮಿಕ್ಕಿತ್ತು. ಹೆಂಡತಿಗೆ ತೋರಿಸಿದೆ. "ಹಾಗಾದ್ರೆ ಎರಡೂ ನಿಜ" ಎಂದಳು.

ಸದ್ಯದ ಸ್ಥಿತಿ

ತೆರಿಗೆಯ 53ನ್ನು ಬೇರೆ ಖಾತೆಗೆ ಹಾಕಿದ್ದೇನೆ. ಇನ್ನು ಮೇಲೆ ವಾರಕ್ಕೊಮ್ಮೆ ಹಾಕುವುದು.

ಉದ್ರಿ ಪಟ್ಟಿಗೆ ಒಂದು ಕಾಲಂ ಸೇರಿಸಿದೆ, ಎಷ್ಟು ದಿನ ಆಯ್ತು ಅಂತ. ಬಾರದೇ ಹೋಗುವ ಉದ್ರಿ ಮಾರಾಟದಲ್ಲೂ ಲಾಭದಲ್ಲೂ ಈಗಾಗಲೇ ಸೇರಿಹೋಗಿರುತ್ತದೆ. 90 ದಿನ ದಾಟಿದವರು ಮೂವರಿದ್ದಾರೆ. ಅವರಿಗೆ ಫೋನ್ ಮಾಡುವ ಕೆಲಸ ಬಾಕಿ, ಬೇಜಾರಿನ ಕೆಲಸ.

ಇನ್ನೊಂದು ಉಳಿದಿದೆ, ಇದನ್ನು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. 320ರ ಸ್ಟಾಕ್‌ನಲ್ಲಿ 36ರಷ್ಟು ಮಾಲು ವರ್ಷದಿಂದ ಅಲುಗಾಡಿಲ್ಲ. ಅರ್ಧ ಬೆಲೆಗೂ ಹೋಗುತ್ತದೋ ಇಲ್ಲವೋ. ಕೊಂಡ ಬೆಲೆಯೇ ಸಿಗುವುದಿಲ್ಲ ಅಂತ ಗೊತ್ತಾದ ಮೇಲೆ ಅದನ್ನು ಕೊಂಡ ಬೆಲೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಸಿಗುವ ಬೆಲೆಗೆ ಇಳಿಸಬೇಕು. 18ಕ್ಕೆ ಇಳಿಸಿದರೆ ಈ ತಿಂಗಳ ಲಾಭ 20 ಹೋಗಿ 2 ಆಗುತ್ತದೆ. ಆ ಮಾಲಿನ ದುಡ್ಡು ಹೋಗಿ ಯಾವ ಕಾಲವಾಯ್ತೋ, ಹಾಗಾಗಿ ಬ್ಯಾಂಕಿನಲ್ಲಿ ಏನೂ ಬದಲಾಗುವುದಿಲ್ಲ. ಲೆಕ್ಕ ಬರೆಯುವವರಿಗೆ ಹೇಳಿದೆ, "ಮೊದಲು ಎಣಿಸಿ ಪಟ್ಟಿ ಕೊಡಿ ಸಾರ್, ಆಮೇಲೆ ನೋಡೋಣ" ಎಂದರು. ಮುಂದಿನ ಭಾನುವಾರ ಹಿಂದಿನ ಕಪಾಟಿನ ಮೇಲಿನ ಸಾಲಿನಿಂದ ಶುರು.